ಮೂರು ಗಂಟೆ ಭಜನೆ: ಎರಡನೇ ಗಂಟೆಗೇ ಗಂಟಲು ಕೂರುತ್ತದೆ, ಏನು ಮಾಡಲಿ?

ತುಳಸಿಕಟ್ಟೆ

ಎಲ್ಲರಿಗೂ ನಮಸ್ಕಾರ. ನಾವು ಶಿವಮೊಗ್ಗದವರು. ನಮ್ಮ ಬಡಾವಣೆಯ ದೇವಸ್ಥಾನದಲ್ಲಿ ಪ್ರತಿ ಶನಿವಾರ ಸಂಜೆ 6ರಿಂದ 9ರವರೆಗೆ ಭಜನೆ ಇರುತ್ತದೆ. ಮಂಡಳಿಯಲ್ಲಿ 14 ಜನ ಇದ್ದೇವೆ. 9 ಹೆಂಗಸರು, 5 ಗಂಡಸರು. ಯಾರೂ ಕ್ರಮವಾಗಿ ಸಂಗೀತ ಕಲಿತವರಲ್ಲ. ನಾನು ಚಿಕ್ಕಂದಿನಲ್ಲಿ ಎರಡು ವರ್ಷ ಸರಳೆ, ಜಂಟಿ ವರಸೆ ಕಲಿತಿದ್ದೆ, ಅಷ್ಟೇ. ಈಗ ವಯಸ್ಸು 52.

ಮೊದಲ ಒಂದು ಗಂಟೆ ಚೆನ್ನಾಗಿ ಹಾಡುತ್ತೇನೆ. ಏಳೂಮುಕ್ಕಾಲರ ಹೊತ್ತಿಗೆ ಗಂಟಲು ಕೂರುತ್ತದೆ. ಕಳೆದ ಶನಿವಾರ ಒಂದು ದಾಸರ ಪದದ ಎರಡನೇ ಚರಣ ಎತ್ತಿಕೊಂಡೆ. ಮೇಲಿನ ಷಡ್ಜಕ್ಕೆ ಹೋದಾಗ ಸ್ವರವೇ ಬರಲಿಲ್ಲ, ಬರೀ ಗಾಳಿ ಬಂತು. ಹಾರ್ಮೋನಿಯಂ ಒಂದೇ ಮುಂದೆ ಹೋಯಿತು. ಪಕ್ಕದಲ್ಲಿದ್ದ ಅಕ್ಕ ಆ ಸಾಲನ್ನು ಹಿಡಿದುಕೊಂಡರು. ಭಾನುವಾರ ಮಗ ಫೋನ್ ಮಾಡಿದವನು ನನ್ನ ದನಿ ಕೇಳಿ ‘ಅಮ್ಮಾ, ಹುಷಾರಿಲ್ವಾ?’ ಅಂದ. ಸೋಮವಾರ ಮಧ್ಯಾಹ್ನದವರೆಗೂ ಹಾಗೇ ಇತ್ತು.

ಹೊರಡುವ ಮುಂಚೆ ಬಿಸಿನೀರಿಗೆ ಜೇನುತುಪ್ಪ, ಮೆಣಸಿನಪುಡಿ ಹಾಕಿ ಕುಡಿಯುತ್ತೇನೆ. ಉಪ್ಪುನೀರಿನಲ್ಲಿ ಗಂಟಲು ಮುಕ್ಕಳಿಸುತ್ತೇನೆ. ಇದಕ್ಕಿಂತ ಒಳ್ಳೆಯ ಕಷಾಯ ಗೊತ್ತಿದ್ದರೆ ಹೇಳಿ. ಇನ್ನೊಂದು ತಿಂಗಳಿಗೆ ಆಷಾಢ ಏಕಾದಶಿ. ಅವತ್ತಂತೂ ನಡುವೆ ನಿಲ್ಲಿಸುವ ಹಾಗೇ ಇಲ್ಲ.

ಶುಂಠಿಪೆಪ್ಪರಮಿಂಟು

ಅಕ್ಕಾ, ಅತಿಮಧುರದ ಬೇರು ತನ್ನಿ. ಗ್ರಂಧಿಗೆ ಅಂಗಡಿಯಲ್ಲಿ ಸಿಗುತ್ತದೆ. ಸಣ್ಣ ಚೂರು ಬಾಯಲ್ಲಿಟ್ಟುಕೊಂಡು ರಸ ನುಂಗುತ್ತಾ ಇರಿ. ನಾನು ಹತ್ತು ವರ್ಷದಿಂದ ಹಾಗೇ ಮಾಡುತ್ತಿದ್ದೇನೆ. ಪ್ರತಿ ದಿನ ತಿನ್ನಬಹುದು, ಏನೂ ತೊಂದರೆ ಇಲ್ಲ. ತಣ್ಣೀರು, ಮೊಸರು, ಬಾಳೆಹಣ್ಣು ಎರಡು ದಿನ ಮುಂಚೆಯೇ ಬಿಡಿ. ಹಾಡುವಾಗ ನಡುನಡುವೆ ಬಿಸಿನೀರು ಕುಡಿದರೆ ಧ್ವನಿತಂತು ತೊಳೆದ ಹಾಗಾಗಿ ಸ್ವರ ಬಿಡುತ್ತದೆ.

ಡೋಲಕ್‌ಪ್ರಿಯ

ಮೈಕ್ ಯಾವುದು ಇಟ್ಟಿದ್ದೀರಿ ಮೇಡಂ? ನಮ್ಮಲ್ಲೂ ಹೀಗೇ ಕೇಳಿಸುತ್ತಾ ಇರಲಿಲ್ಲ. ಹೊಸ ಮಿಕ್ಸರ್ ತಂದು ಎಕೋ ಸ್ವಲ್ಪ ಜಾಸ್ತಿ ಕೊಟ್ಟ ಮೇಲೆ ಎಲ್ಲರ ದನಿಯೂ ದಪ್ಪ ಬಂತು.

ತುಳಸಿಕಟ್ಟೆ

ಇಲ್ಲ ತಮ್ಮಾ, ಮೈಕ್ ಸರಿ ಇದೆ. ದನಿ ಹೊರಗೆ ಕೇಳಿಸದೆ ಇರುವುದಲ್ಲ, ದನಿ ಬರುವುದೇ ಇಲ್ಲ.

ತಂಬೂರಿಮನೆ

ತುಳಸಿಕಟ್ಟೆಯವರೇ, ನಾನು ಮೂವತ್ತು ವರ್ಷ ಮಕ್ಕಳಿಗೆ ಸಂಗೀತ ಹೇಳಿಕೊಟ್ಟವಳು. 48ನೇ ವಯಸ್ಸಿನಲ್ಲಿ ನನ್ನ ಧ್ವನಿಯೂ ಹೋಗಿತ್ತು. ಧ್ವನಿತಂತುವಿನ ಮೇಲೆ ಗಂಟು ಎದ್ದಿತ್ತು. ನಾಲ್ಕು ತಿಂಗಳು ವಾಕ್ ಚಿಕಿತ್ಸೆ ಮಾಡಿಸಿಕೊಂಡೆ. ಅಲ್ಲಿ ಕಲಿತದ್ದನ್ನೇ ಹೇಳುತ್ತೇನೆ.

ಮೊದಲು ಕಷಾಯದ ವಿಷಯ ಮುಗಿಸಿಬಿಡೋಣ. ನಾವು ನುಂಗುವ ಯಾವುದೂ ಧ್ವನಿತಂತುವನ್ನು ಮುಟ್ಟುವುದಿಲ್ಲ. ಮುಟ್ಟಿದರೆ ನೆತ್ತಿಗೇರಿ ಕೆಮ್ಮು ಬರುತ್ತದೆ. ನೀರು ಹೋಗುವುದು ಅನ್ನನಾಳಕ್ಕೆ, ತಂತು ಇರುವುದು ಶ್ವಾಸನಾಳದ ಬಾಯಲ್ಲಿ. ಮುಕ್ಕಳಿಸಿದ ನೀರೂ ಅಲ್ಲಿಯವರೆಗೆ ಇಳಿಯುವುದಿಲ್ಲ. ಕುಡಿದ ನೀರು ರಕ್ತಕ್ಕೆ ಸೇರಿ, ಮೈಯೆಲ್ಲ ಸುತ್ತಿ, ಒಳಗಿನಿಂದ ತಂತುವನ್ನು ಹಸಿಯಾಗಿ ಇಡಬೇಕು. ಅದಕ್ಕೆ ಗಂಟೆಗಳು ಬೇಕು. ಹಾಗಾಗಿ ಸಂಜೆ ಆರರ ಭಜನೆಗೆ ನೀರು ಕುಡಿಯಬೇಕಾದ್ದು ಬೆಳಗ್ಗೆಯಿಂದ. ಮೂತ್ರ ತಿಳಿಯಾಗಿ ಹೋಗುತ್ತಿದ್ದರೆ ಸಾಕಷ್ಟು ಕುಡಿದಿದ್ದೀರಿ ಅಂತ. ಹಾಡುವಾಗ ಗುಟುಕು ಕುಡಿಯುವುದು ಬೇಡ ಅಂತಲ್ಲ. ಬಾಯಿ, ಗಂಟಲು ಒಣಗುವುದು ತಪ್ಪುತ್ತದೆ, ಕೆರೆಯುವುದು ಕಡಿಮೆಯಾಗುತ್ತದೆ. ಅದಕ್ಕೆ ಅಷ್ಟೇ ಕೆಲಸ.

ಶುಂಠಿಯವರೇ, ಅತಿಮಧುರ ಜಗಿದರೆ ಜೊಲ್ಲು ಊರಿ ಹಿತವಾಗುತ್ತದೆ ಅನ್ನುವುದು ನಿಜ. ಆದರೆ ದಿನವೂ ತಿಂದರೆ ಬಿಪಿ ಏರುತ್ತದೆ, ಮೈಯಲ್ಲಿ ಪೊಟ್ಯಾಶಿಯಂ ಇಳಿಯುತ್ತದೆ. ನಮ್ಮ ಭಜನಾ ಮಂಡಳಿಗಳಲ್ಲಿ ಅರ್ಧ ಜನ ಬಿಪಿ ಮಾತ್ರೆ ತೆಗೆದುಕೊಳ್ಳುವವರೇ ಅಲ್ವಾ? ದಯವಿಟ್ಟು ದಿನಾ ತಿನ್ನಿ ಅಂತ ಯಾರಿಗೂ ಹೇಳಬೇಡಿ.

ಈಗ ನನಗೆ ಮೂರು ಉತ್ತರ ಬೇಕು. ಹಾರ್ಮೋನಿಯಂ ಶ್ರುತಿಯನ್ನು ಯಾವ ಮನೆಗೆ, ಅಂದರೆ ಯಾವ ಕೀಲಿಗೆ ಇಡುತ್ತಾರೆ? ಶನಿವಾರ ಸಂಜೆ ನಾಲ್ಕರಿಂದ ಆರರವರೆಗೆ ನೀವು ಏನು ಮಾಡುತ್ತೀರಿ? ಹಾರ್ಮೋನಿಯಂ ಮುಂದೆ ಕೂತು, ಮಗು ಮಲಗಿರುವಾಗ ಹಾಡುವಷ್ಟು ಮೆಲ್ಲಗೆ ‘ಆ’ ಅಂದರೆ ಯಾವ ಮನೆಯಿಂದ ಯಾವ ಮನೆಯವರೆಗೆ ಹೋಗುತ್ತೀರಿ? ಜೋರಾಗಿ ಅಲ್ಲ. ಮೆಲ್ಲಗೆ.

ತುಳಸಿಕಟ್ಟೆ

ಹಾರ್ಮೋನಿಯಂ ಮಾಮ ಎಲ್ಲ ಹಾಡಿಗೂ ಕಪ್ಪು ಒಂದಕ್ಕೇ ಇಡುತ್ತಾರೆ. ಅವರಿಗೆ ಅದು ರೂಢಿ.

ನಾಲ್ಕರಿಂದ ಐದೂವರೆ ಅಡುಗೆಮನೆಯಲ್ಲಿ ಇರುತ್ತೇನೆ, ಪ್ರಸಾದ ಮಾಡುವುದು ನನ್ನ ಪಾಲಿಗೆ. ಒಗ್ಗರಣೆ ಹೊಗೆ, ಮಿಕ್ಸಿ ಸದ್ದಿನ ಮೇಲೆ ಮಾತು. ಐದೂಮುಕ್ಕಾಲಿಗೆ ಡಬ್ಬಿ ಹಿಡಿದುಕೊಂಡು ಓಡುತ್ತೇನೆ. ಆರಕ್ಕೆ ಗಣಪತಿ ಸ್ತುತಿ ಹೇಳಿಕೊಡುವುದೂ ನಾನೇ.

ಇವತ್ತು ಬೆಳಗ್ಗೆ ಮಾಮನ ಮನೆಗೆ ಹೋಗಿ ನೋಡಿದೆ. ಕೆಳಗೆ ಬಿಳಿ ನಾಲ್ಕರವರೆಗೆ ಸ್ಪಷ್ಟ ಇದೆ. ಮೇಲೆ ಮೆಲ್ಲಗೆ ಹಾಡಿದರೆ ಮೇಲಿನ ಸ್ಥಾಯಿಯ ಬಿಳಿ ಒಂದರವರೆಗೆ. ಅದರಾಚೆ ಗಾಳಿ ಸೋರುತ್ತದೆ. ಜೋರಾಗಿ ಹಾಡಿದರೆ ಇನ್ನೂ ಎರಡು ಮೂರು ಮನೆ ಬರುತ್ತದೆ.

ತಂಬೂರಿಮನೆ

ಉತ್ತರ ನೀವೇ ಕೊಟ್ಟಿರಿ. ಜೋರಾಗಿ ಮಾತ್ರ ಬರುವ ಆ ಎರಡು ಮೂರು ಮನೆ ಇವತ್ತು ನಿಮ್ಮದಲ್ಲ. ಅಲ್ಲಿ ತಂತುಗಳನ್ನು ಒತ್ತಿ, ಗಾಳಿ ತಳ್ಳಿ ಸ್ವರ ಹೊರಡಿಸುತ್ತಿದ್ದೀರಿ. ಹತ್ತು ನಿಮಿಷ ನಡೆಯುತ್ತದೆ. ಗಂಟೆಗಟ್ಟಲೆ ಒತ್ತಿದರೆ ತಂತು ಊದಿಕೊಳ್ಳುತ್ತದೆ. ಊದಿಕೊಂಡ ತಂತು ಸರಿಯಾಗಿ ಕೂಡುವುದಿಲ್ಲ, ನಡುವೆ ಗಾಳಿ ಸೋರುತ್ತದೆ. ಕಳೆದ ಶನಿವಾರ ಷಡ್ಜದಲ್ಲಿ ಬಂದ ‘ಬರೀ ಗಾಳಿ’ ಅದೇ.

ಲೆಕ್ಕ ಹಾಕಿ ನೋಡೋಣ. ಶ್ರುತಿ ಕಪ್ಪು ಒಂದು ಆದರೆ ನಿಮ್ಮ ಮೇಲಿನ ಷಡ್ಜ ಮೇಲಿನ ಸ್ಥಾಯಿಯ ಕಪ್ಪು ಒಂದು. ನಿಮ್ಮ ಗಡಿಗಿಂತ ಆಗಲೇ ಒಂದು ಮನೆ ಮೇಲೆ. ಚರಣ ಅಲ್ಲಿಂದ ಗಾಂಧಾರಕ್ಕೆ ಹೋದರೆ ಐದು ಮನೆ ಮೇಲೆ. ಇದು ಗಂಡಸರ ಶ್ರುತಿ. ಅವರಿಗೆ ಸರಿ, ನಿಮಗಲ್ಲ.

ಬಿಳಿ ಐದಕ್ಕೆ ಇಟ್ಟು ನೋಡಿ. ಮೇಲಿನ ಗಾಂಧಾರ ಬಿಳಿ ಏಳಕ್ಕೆ ಬರುತ್ತದೆ, ಅಂದರೆ ನಿಮ್ಮ ಗಡಿಗಿಂತ ಒಂದು ಮನೆ ಕೆಳಗೆ. ಕೆಳಗಿನ ನಿಷಾದ ಕಪ್ಪು ಮೂರಕ್ಕೆ ಬರುತ್ತದೆ, ಅಂದರೆ ನಿಮ್ಮ ಕೆಳಗಿನ ಗಡಿಗಿಂತ ಒಂದು ಮನೆ ಮೇಲೆ. ಆ ನಿಷಾದದಿಂದ ಈ ಗಾಂಧಾರದೊಳಗೆ ಸುತ್ತುವ ಪದಗಳೆಲ್ಲ ನಿಮಗೆ ಸರಾಗ ಬರುತ್ತವೆ. ಕೆಳಗಿನ ಪಂಚಮಕ್ಕೆ ಇಳಿಯುವ ಹಾಡಿದ್ದರೆ ಅದನ್ನು ಬೇರೆಯವರು ಹೇಳಿಕೊಡಲಿ.

ವಾರ್ಮಪ್ ಬೇಕು, ಅದನ್ನೂ ಹೇಳುತ್ತೇನೆ. ಆದರೆ ಶ್ರುತಿ ತಪ್ಪಿದ್ದರೆ ಎಷ್ಟು ಗಂಟಲು ಪಳಗಿಸಿದರೂ ಏಳೂಮುಕ್ಕಾಲು ಎಂಟೂಕಾಲು ಆಗಬಹುದು, ಅಷ್ಟೇ.

ಕಾಲುಪೆಟ್ಟಿಗೆ

ನಾನೂ ಮೂವತ್ತು ವರ್ಷದಿಂದ ಭಜನೆಗೆ ಹಾರ್ಮೋನಿಯಂ ನುಡಿಸುವವನು. ಮೇಡಂ ಹೇಳುವುದು ಕೇಳಲು ಚೆಂದ. ಆದರೆ ಒಂದು ಹಾಡು ಬಿಳಿ ಐದು, ಇನ್ನೊಂದು ಕಪ್ಪು ಒಂದು ಅಂತ ಕುಣಿಯುತ್ತಿದ್ದರೆ ಭಜನೆಯ ಓಘ ತಪ್ಪುತ್ತದೆ. ತಬಲಾದವರು ಪ್ರತಿ ಹಾಡಿಗೂ ಸುತ್ತಿಗೆ ಹಿಡಿದು ಕೂರಬೇಕಾ? ಗಂಡಸರು ಬಿಳಿ ಐದರಲ್ಲಿ ಹಿಂದೆ ಹೇಳುವುದಾದರೂ ಹೇಗೆ?

ತಂಬೂರಿಮನೆ

ಒಳ್ಳೆಯ ಪ್ರಶ್ನೆ ಸರ್. ಎರಡೇ ಶ್ರುತಿ ಸಾಕು, ಗಂಡಸರಿಗೆ ಬಿಳಿ ಒಂದು, ಹೆಂಗಸರಿಗೆ ಬಿಳಿ ಐದು. ಬಿಳಿ ಒಂದರ ಪಂಚಮವೇ ಬಿಳಿ ಐದು. ತಬಲಾವನ್ನು ಬಿಳಿ ಐದಕ್ಕೆ ಕೂಡಿಸಿದರೆ ಹೆಂಗಸರ ಹಾಡಿಗೆ ಅದು ಷಡ್ಜ, ಗಂಡಸರ ಹಾಡಿಗೆ ಪಂಚಮ. ಸುತ್ತಿಗೆ ಮುಟ್ಟುವ ಹಾಗೇ ಇಲ್ಲ. ಹಾಡು ಹಾಡಿಗೂ ಬದಲಿಸದೆ, ಮೂರು ಹಾಡು ಹೆಂಗಸರು, ಮೂರು ಹಾಡು ಗಂಡಸರು ಅಂತ ಇಟ್ಟುಕೊಳ್ಳಿ. ಶ್ರುತಿ ಬದಲಾಗುವಾಗ ಒಂದು ಉಗಾಭೋಗ ಹೇಳಿ. ತಾಳವಿಲ್ಲದೆ ನಿಧಾನವಾಗಿ ಹೋಗುವುದರಿಂದ ಹೊಸ ಶ್ರುತಿ ಕಿವಿಗೆ ಕೂರುತ್ತದೆ, ಬೇರೆಯವರ ಗಂಟಲಿಗೂ ಎರಡು ನಿಮಿಷ ಬಿಡುವು.

ಹಿಂದೆ ಹೇಳುವುದಕ್ಕೆ ಹೀಗೆ ಮಾಡಿ. ಹೆಂಗಸರ ಹಾಡಿಗೆ ಗಂಡಸರು ಒಂದು ಸ್ಥಾಯಿ ಕೆಳಗೆ, ಮೆಲ್ಲಗೆ ಹೇಳಲಿ. ಗಂಡಸರ ಹಾಡಿಗೆ ಹೆಂಗಸರು ಪಲ್ಲವಿಯನ್ನು ತಮ್ಮ ಸ್ಥಾಯಿಯಲ್ಲಿ ಹೇಳಬಹುದು. ಚರಣದಲ್ಲಿ ಗಂಡಸರು ಮೇಲಿನ ಷಡ್ಜಕ್ಕೆ ಏರಿದಾಗ ಹೆಂಗಸರು ಇನ್ನೂ ಮೇಲಕ್ಕೆ ಹಾರಬಾರದು. ಗಂಡಸರು ಹಾಡುತ್ತಿರುವ ಎತ್ತರದಲ್ಲೇ ಸೇರಿಕೊಳ್ಳಬೇಕು. ಗಂಡಸರ ಮೇಲಿನ ಷಡ್ಜ ಅಂದರೆ ಹೆಂಗಸರ ನಡುವಿನ ಷಡ್ಜವೇ. ಇದೊಂದು ಗೊತ್ತಾಗದೆ ಎಷ್ಟೋ ಹೆಂಗಸರು ಹಿಂದೆ ಹೇಳಿಯೇ ಗಂಟಲು ಕಳೆದುಕೊಳ್ಳುತ್ತಾರೆ. ಹೇಳಿಕೊಡುವವರು ಒಂದು ಹಾಡು ಹಾಡಿದರೆ ಹಿಂದೆ ಹೇಳುವವರು ಮೂರು ಗಂಟೆಯೂ ಹಾಡುತ್ತಾರೆ ನೋಡಿ.

ಕಾಲುಪೆಟ್ಟಿಗೆ

ಕಪ್ಪು ಒಂದಕ್ಕೆ ಅಂತ ತಂದ ಸಣ್ಣ ಬಾಯಿಯ ತಬಲಾ ಬಿಳಿ ಐದಕ್ಕೆ ಇಳಿಯುವುದಿಲ್ಲ ಮೇಡಂ. ಚರ್ಮ ಸಡಿಲವಾಗಿ ಸತ್ತ ಸದ್ದು ಬರುತ್ತದೆ. ದೊಡ್ಡ ಬಾಯಿಯದ್ದು ಬೇರೆ ಬೇಕು. ಹೆಚ್ಚೆಂದರೆ ಬಿಳಿ ಒಂದಕ್ಕೆ ಇಳಿಸಬಹುದು. ಆಗ ಹೆಂಗಸರ ಶ್ರುತಿಗೆ ಅದು ಮಧ್ಯಮ. ಮೋಹನ, ಹಂಸಧ್ವನಿ ಹಾಡಿದರೆ ಆ ರಾಗಗಳಲ್ಲಿ ಮಧ್ಯಮವೇ ಇಲ್ಲ. ಪ್ರತಿ ಪೆಟ್ಟಿಗೂ ಕಿವಿಗೆ ಚುಚ್ಚುತ್ತದೆ.

ತಂಬೂರಿಮನೆ

ಅದು ಸರಿ, ಒಪ್ಪುತ್ತೇನೆ. ದೊಡ್ಡ ತಬಲಾ ಸಿಗುವವರೆಗೆ ಆ ರಾಗಗಳನ್ನು ಗಂಡಸರ ಸರದಿಗೆ ಇಡಬೇಕು. ಅಥವಾ ಬರೀ ತಾಳದಲ್ಲಿ ಹಾಡಬೇಕು.

ಏಳನೇಪೀರಿಯಡ್

ನಾನು ಹೈಸ್ಕೂಲು ಮೇಷ್ಟ್ರು. ದಿನಕ್ಕೆ ಆರು ಪೀರಿಯಡ್ ಗಣಿತ. ನಮ್ಮಲ್ಲಿ ಗುರುವಾರ ಭಜನೆ. ವಾರ್ಮಪ್ ಅಂತ ಯೂಟ್ಯೂಬ್ ನೋಡಿ ಅರ್ಧ ಗಂಟೆ ಅಕಾರ ಸಾಧನೆ ಮಾಡಿಕೊಂಡು ಹೋದರೆ ಭಜನೆ ಶುರುವಾಗುವ ಮುಂಚೆಯೇ ಸುಸ್ತು. ಮಾಡದೆ ಹೋದ ದಿನವೇ ವಾಸಿ. ಇದು ಯಾಕೆ?

ತಂಬೂರಿಮನೆ

ಮೇಷ್ಟ್ರೇ, ನಿಮ್ಮ ಗಂಟಲು ಬೆಳಗ್ಗೆ ಹತ್ತರಿಂದ ದುಡಿಯುತ್ತಿದೆ. ಅದಕ್ಕೆ ಬೇಕಾದ್ದು ವಿಶ್ರಾಂತಿ, ಇನ್ನೊಂದು ಕ್ಲಾಸಲ್ಲ. ಶಾಲೆ ಬಿಟ್ಟ ಮೇಲೆ ಒಂದು ಗಂಟೆ ಮಾತು ನಿಲ್ಲಿಸಿ. ಪಿಸುಮಾತೂ ಬೇಡ, ಪಿಸುಗುಟ್ಟುವಾಗ ಎಷ್ಟೋ ಜನ ಗಂಟಲನ್ನು ಇನ್ನೂ ಬಿಗಿ ಮಾಡುತ್ತಾರೆ. ಆಮೇಲೆ ಕೆಳಗೆ ಹೇಳುವ ಸ್ಟ್ರಾ ಅಭ್ಯಾಸ ಐದೇ ನಿಮಿಷ. ಸಾಕು.

ತುಳಸಿಕಟ್ಟೆಯವರಿಗೆ ಪೂರ್ತಿ ಹೇಳುತ್ತೇನೆ. ಹದಿನೈದು ನಿಮಿಷದ ಕೆಲಸ. ಪ್ರಸಾದವನ್ನು ಐದು ಗಂಟೆಗೆ ಮುಗಿಸಿ, ಇಲ್ಲವೇ ಆ ದಿನ ಬೇರೆಯವರಿಗೆ ಒಪ್ಪಿಸಿ. ಒಗ್ಗರಣೆಯ ಘಾಟಿನಿಂದ ನೇರ ಮೈಕ್ ಮುಂದೆ ಹೋಗಬಾರದು.

ಅರ್ಧ ಲೋಟ ನೀರು, ಒಂದು ಸ್ಟ್ರಾ. ಸ್ಟ್ರಾದ ತುದಿ ನೀರಿನಲ್ಲಿ ಎರಡು ಬೆರಳು ಆಳಕ್ಕೆ ಇರಲಿ. ತುಟಿ ಬಿಗಿಯಾಗಿ ಮುಚ್ಚಿ ‘ಊ’ ಅಂತ ಸ್ವರ ಹೊರಡಿಸಿ. ನೀರು ಗುಳುಗುಳು ಅನ್ನಬೇಕು. ಗುಳ್ಳೆಗಳು ಒಂದೇ ಸಮ ಬರುತ್ತಿದ್ದರೆ ಉಸಿರು ಒಂದೇ ಸಮ ಹೋಗುತ್ತಿದೆ. ನಿಂತು ನಿಂತು ಬಂದರೆ ನೀವು ಒತ್ತುತ್ತಿದ್ದೀರಿ. ಬರೀ ಗುಳ್ಳೆ ಬಂದು ಸ್ವರ ಬರದಿದ್ದರೆ ಸುಮ್ನೆ ಊದುತ್ತಿದ್ದೀರಿ. ಒಂದು ಕೈ ಗಂಟಲ ಮೇಲಿಡಿ, ನಡುಕ ಸಿಗಬೇಕು. ಮೊದಲ ಎರಡು ನಿಮಿಷ ಮಾತಿನ ಎತ್ತರದಲ್ಲೇ. ಆಮೇಲೆ ಕೆಳಗಿನಿಂದ ಮೇಲಕ್ಕೆ, ಮೇಲಿನಿಂದ ಕೆಳಕ್ಕೆ ಜಾರುತ್ತಾ ಮೂರು ನಿಮಿಷ, ಉಯ್ಯಾಲೆ ಹಾಗೆ. ಸಣ್ಣ ಕೊಳವೆಯಲ್ಲಿ ಗಾಳಿ ಹೊರಗೆ ಹೋಗಲು ತಡೆ ಇರುವುದರಿಂದ ಬಾಯೊಳಗೆ ಒತ್ತಡ ನಿಲ್ಲುತ್ತದೆ. ಅದು ಮೇಲಿನಿಂದ ತಂತುಗಳನ್ನು ಸ್ವಲ್ಪ ಹಿಡಿದಿಡುತ್ತದೆ. ತಂತುಗಳು ಜೋರಾಗಿ ಬಡಿದುಕೊಳ್ಳದೆ ಹಗುರವಾಗಿ ಆಡುತ್ತವೆ. ಸ್ಟ್ರಾ ಇಲ್ಲದಿದ್ದರೆ ಮಕ್ಕಳು ಬಸ್ಸಿನ ಸದ್ದು ಮಾಡುವ ಹಾಗೆ ತುಟಿಯನ್ನು ಬುರ್ರ್ ಅನ್ನಿಸಿ. ಅದೂ ಅದೇ ಕೆಲಸ ಮಾಡುತ್ತದೆ.

ಆಮೇಲೆ ಬಾಯಿ ಮುಚ್ಚಿ ‘ಮ್’ ಅಂತ ಷಡ್ಜದಿಂದ ಪಂಚಮಕ್ಕೆ, ವಾಪಸ್ ಷಡ್ಜಕ್ಕೆ. ತುಟಿ, ಮೂಗಿನ ಬುಡ ಜುಮ್ಮೆನ್ನಬೇಕು. ನಂತರ ನೀವು ಕಲಿತ ಸರಳೆ ವರಸೆಯ ಮೊದಲನೆಯದನ್ನು ‘ಊ’ಕಾರದಲ್ಲಿ ಒಂದು ಸಲ, ಆಕಾರದಲ್ಲಿ ಒಂದು ಸಲ, ಎರಡೂ ಮೆಲ್ಲಗೆ. ಜಂಟಿ ವರಸೆ ಬೇಡ, ಅದರಲ್ಲಿ ಸ್ವರಕ್ಕೆ ಸ್ವರ ಒತ್ತು ಬೀಳುತ್ತದೆ. ಕೊನೆಗೆ ಅವತ್ತು ನೀವು ಹೇಳಿಕೊಡುವ ಅತಿ ಎತ್ತರದ ಹಾಡಿನ ಒಂದು ಸಾಲನ್ನು ಮಗು ಮಲಗಿಸುವ ದನಿಯಲ್ಲಿ ಹಾಡಿ. ಬಂದರೆ ಸರಿ. ಸ್ವರ ಹೊರಡಲು ತಡವಾದರೆ, ಗಾಳಿ ಮೊದಲು ಬಂದು ಸ್ವರ ಆಮೇಲೆ ಬಂದರೆ ಅವತ್ತು ಆ ಹಾಡು ಬೇಡ, ಅಥವಾ ಶ್ರುತಿ ಇಳಿಸಿ. ನಾನು ವಾರ್ಮಪ್ ಮಾಡುವುದೇ ಇದಕ್ಕೆ. ಇವತ್ತು ಯಾವ ಧ್ವನಿ ಇದೆ ಅಂತ ಮುಂಚೆಯೇ ಗೊತ್ತಾಗುತ್ತದೆ.

ನಡುವೆ ಗಂಟಲು ಕೆರೆದರೆ ಖೊಕ್ ಖೊಕ್ ಅಂತ ಸರಿ ಮಾಡಿಕೊಳ್ಳಬೇಡಿ. ಅದು ಎರಡು ತಂತುಗಳನ್ನು ಬಡಿದ ಹಾಗೆ. ಒಂದು ಗುಟುಕು ನೀರು ನುಂಗಿ.

ಡೋಲಕ್‌ಪ್ರಿಯ

ನಾನು ಮೊದಲು ತಪ್ಪು ತಿಳಿದುಕೊಂಡೆ, ಕ್ಷಮಿಸಿ. ಆದರೂ ಮೈಕ್ ವಿಷಯದಲ್ಲಿ ಒಂದು ಮಾತು ಹೇಳಬೇಕು. ದೇವಸ್ಥಾನಗಳಲ್ಲಿ ಸ್ಪೀಕರ್ ಎರಡೂ ಜನರ ಕಡೆ ಮುಖ ಮಾಡಿರುತ್ತವೆ. ಹಾಡುವವರಿಗೆ ತಮ್ಮ ದನಿ ಕೇಳುವುದಿಲ್ಲ, ತಾಳ, ಡೋಲಕ್ ಮಾತ್ರ ಕೇಳುತ್ತದೆ. ಆಗ ಗೊತ್ತಿಲ್ಲದೆಯೇ ಕಿರುಚುತ್ತಾರೆ. ಒಂದು ಸಣ್ಣ ಸ್ಪೀಕರನ್ನು ಹಾಡುವವರ ಕಡೆ ತಿರುಗಿಸಿ, ಸೌಂಡ್ ಕಡಿಮೆ ಇಟ್ಟು. ನಮ್ಮಲ್ಲಿ ಹಾಗೆ ಮಾಡಿದ ಮೇಲೆ ನಾನೂ ಡೋಲಕ್ ಮೆಲ್ಲಗೆ ಬಾರಿಸುತ್ತಿದ್ದೇನೆ. ಹಾಡುವವರು ಕೇಳಿಸುತ್ತಾರಲ್ಲ.

ತಂಬೂರಿಮನೆ

ತಪ್ಪೇನಿಲ್ಲ ತಮ್ಮಾ, ನೀವು ಹೇಳಿದ್ದು ಬಹಳ ಮುಖ್ಯ. ಹಾಗೇ ಊದುಬತ್ತಿ ಸ್ಟ್ಯಾಂಡ್ ಹಾಡುವವರ ಮುಂದೆ ಇದ್ದರೆ ಅದನ್ನು ದೇವರ ಆ ಕಡೆಗೆ ಇಡಿ. ಒಂದು ಉಸಿರಿಗೆ ಒಂದು ಸಾಲು ಹಾಡುವವರು ಎಳೆದುಕೊಳ್ಳುವ ಹೊಗೆಯೂ ಅಷ್ಟೇ ಜಾಸ್ತಿ.

ಪಾಂಡುರಂಗನ ಮೊಮ್ಮಗಳು

ನನಗೆ 67. ಏಕಾದಶಿ ನಿರ್ಜಲ ಮಾಡುತ್ತೇನೆ, ಮದುವೆಯಾದಾಗಿನಿಂದ ಬಿಟ್ಟಿಲ್ಲ. ಅವತ್ತೇ ರಾತ್ರಿ ಜಾಗರಣೆ ಭಜನೆ. ನೀರು ಬೆಳಗ್ಗೆಯಿಂದ ಕುಡಿಯಿರಿ ಅಂದರೆ ನಾನೇನು ಮಾಡಲಿ? ಸ್ವಾಮಿ ನಡೆಸುತ್ತಾನೆ ಅಂತ ಹಾಡುತ್ತೇನೆ. ದ್ವಾದಶಿ ದಿನ ಮಾತೇ ಹೊರಡುವುದಿಲ್ಲ.

ಶುಂಠಿಪೆಪ್ಪರಮಿಂಟು

ಅಮ್ಮಾ, ಈ ವಯಸ್ಸಿನಲ್ಲಿ ನೀರು ಕುಡಿದರೆ ದೋಷವಿಲ್ಲ. ಹಿರಿಯರಿಗೆ, ರೋಗಿಗಳಿಗೆ ವಿನಾಯಿತಿ ಇದೆ ಅಂತ ನಮ್ಮ ಮನೆಯಲ್ಲಿ ಹೇಳುತ್ತಿದ್ದರು.

ಪಾಂಡುರಂಗನ ಮೊಮ್ಮಗಳು

ನಾನು ರೋಗಿ ಅಲ್ಲಪ್ಪಾ. ಅದನ್ನು ಬಿಡುವುದಿಲ್ಲ.

ತಂಬೂರಿಮನೆ

ಅಮ್ಮಾ, ವ್ರತದ ವಿಷಯದಲ್ಲಿ ನಾನು ಹೇಳುವ ಹಾಗಿಲ್ಲ. ಗಂಟಲಿನ ವಿಷಯ ಮಾತ್ರ ಹೇಳುತ್ತೇನೆ. ದಶಮಿ ದಿನ ಇಡೀ ಚೆನ್ನಾಗಿ ನೀರು ಕುಡಿಯಿರಿ, ಅವತ್ತು ಕಾಫಿ ಕಡಿಮೆ ಮಾಡಿ. ಏಕಾದಶಿ ಸಂಜೆ ಬರೀ ಬಿಸಿನೀರಿನ ಹಬೆ ಐದು ನಿಮಿಷ ತೆಗೆದುಕೊಳ್ಳಲು ನಿಮ್ಮ ನೇಮ ಒಪ್ಪುತ್ತದೆಯಾ? ಹಬೆ ಮಾತ್ರ ನೇರವಾಗಿ ತಂತುವಿನ ಮೇಲೆ ಹೋಗುತ್ತದೆ. ಬಾಮು, ನೀಲಗಿರಿ ಎಣ್ಣೆ ಹಾಕಬೇಡಿ, ಉರಿಯುತ್ತದೆ. ಪಾತ್ರೆ ಒಲೆಯಿಂದ ಇಳಿಸಿ, ಮೇಜಿನ ಮೇಲೆ ಭದ್ರವಾಗಿಟ್ಟು ತೆಗೆದುಕೊಳ್ಳಿ. ಅದೂ ಆಗದಿದ್ದರೆ ಹೇಳಿಕೊಡುವುದನ್ನು ಮೊದಲ ಅರ್ಧ ಗಂಟೆಗೆ ಮುಗಿಸಿ, ಆಮೇಲೆ ತಾಳ ಹಿಡಿದು ಪಲ್ಲವಿ ಮಾತ್ರ ಹೇಳಿ. ನೀರಿಲ್ಲದ ಮೈಯಲ್ಲಿ ಮೂರು ಗಂಟೆ ಪೂರ್ತಿ ದನಿಯಲ್ಲಿ ಹಾಡಿದರೆ ಪೆಟ್ಟು ಬೀಳುವುದನ್ನು ತಪ್ಪಿಸುವ ಉಪಾಯ ನನಗೆ ತಿಳಿದಿಲ್ಲ.

ಪಾಂಡುರಂಗನ ಮೊಮ್ಮಗಳು

ಹಬೆ ಆಗಬಹುದೋ ಏನೋ, ಪುರೋಹಿತರನ್ನು ಕೇಳುತ್ತೇನೆ. ತಾಳ ಹಿಡಿದು ಕೂರುವುದು ಮಾತ್ರ ಕಷ್ಟ ತಾಯಿ.

ತುಳಸಿಕಟ್ಟೆ

ಎರಡು ಶನಿವಾರ ಆಯಿತು, ಬಂದು ಹೇಳುತ್ತೇನೆ ಅಂದುಕೊಂಡಿದ್ದೆ.

ಮೊದಲ ಶನಿವಾರ ಸ್ಟ್ರಾ ಅಭ್ಯಾಸ ಮಾಡಿಕೊಂಡು ಹೋದೆ, ಶ್ರುತಿ ಮಾತ್ರ ಮಾಮ ಬದಲಿಸಲಿಲ್ಲ. ತಂಬೂರಿಯಮ್ಮ ಹೇಳಿದ ಹಾಗೇ ಆಯಿತು. ಎಂಟು ಗಂಟೆ ದಾಟಿತು, ಎಂಟೂಕಾಲಿಗೆ ಗಂಟಲು ಕೂತಿತು. ಭಾನುವಾರ ಬೆಳಗ್ಗೆ ಮೆಲ್ಲಗೆ ಹಾಡಿ ನೋಡಿದೆ. ಬಿಳಿ ಒಂದರ ಬದಲು ಕಪ್ಪು ಐದರಾಚೆಗೇ ಗಾಳಿ ಸೋರುತ್ತಿತ್ತು. ಎರಡು ಮನೆ ಕಡಿಮೆ. ಮಾಮನಿಗೆ ಫೋನಿನಲ್ಲೇ ಹಾಡಿ ಕೇಳಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ‘ಮುಂದಿನ ವಾರ ಬಿಳಿ ಐದು ಇಡೋಣಮ್ಮ’ ಅಂದರು.

ಈ ಶನಿವಾರ ಹಾಗೇ ಮಾಡಿದೆವು. ಗಣಪತಿ ಸ್ತುತಿಯನ್ನು ಮಾಮನೇ ಬಿಳಿ ಒಂದರಲ್ಲಿ ಹೇಳಿಕೊಟ್ಟರು, ನಾನು ಮೂರನೇ ಹಾಡಿಗೆ ಶುರು ಮಾಡಿದೆ. ಎತ್ತರದ ಪದವನ್ನು ಏಳರ ನಂತರ ಇಟ್ಟುಕೊಂಡೆ. ಏಳೂವರೆಗೆ ಹತ್ತು ನಿಮಿಷ ಬಿಡುವು ಕೊಟ್ಟೆವು. ಆ ಬಿಡುವಿನಲ್ಲಿ ಎಲ್ಲರೂ ಹಾಡಿಗಿಂತ ಜೋರಾಗಿ ಮಾತಾಡುತ್ತಾರೆ ಅಂತ ನನಗೆ ಅವತ್ತೇ ಗೊತ್ತಾಗಿದ್ದು. ನಾನು ಎದ್ದು ಹೊರಗೆ ಅಶ್ವತ್ಥಕಟ್ಟೆ ಹತ್ತಿರ ಹೋಗಿ ಕೂತೆ. ಕಾಲ ಮೇಲೆ ಪುಸ್ತಕ ಇಟ್ಟು ಬಗ್ಗಿ ಓದುವುದನ್ನೂ ಬಿಟ್ಟೆ. ಮನೆಯಲ್ಲಿದ್ದ ವ್ಯಾಸಪೀಠ ತಂದೆ, ಕತ್ತು ನೆಟ್ಟಗಾಯಿತು.

ಎಂಟೂಮುಕ್ಕಾಲರವರೆಗೂ ಸ್ವರ ಇತ್ತು. ಕೊನೆಗೆ ಹೋಗಿದ್ದು ನಾಮಸಂಕೀರ್ತನೆಯಲ್ಲಿ. ‘ವಿಠಲ ವಿಠಲ’ ಅಂತ ಲಯ ಏರುತ್ತದೆ, ಮಾಮ ಹುರುಪಿನಲ್ಲಿ ಒಂದೊಂದೇ ಮನೆ ಶ್ರುತಿಯನ್ನೂ ಏರಿಸುತ್ತಾರೆ, ಎಲ್ಲರೂ ಕೂಗುತ್ತಾರೆ. ಆಮೇಲೆ ಜಯಘೋಷ. ಮೂರು ಸಲ ‘ಗೋವಿಂದಾ’ ಅಂತ ಕಿರುಚಿದ್ದಕ್ಕೆ ಮೂರು ಗಂಟೆ ಕಾಪಾಡಿದ್ದು ಕೈಬಿಟ್ಟು ಹೋಯಿತು. ಭಾನುವಾರ ಸ್ವಲ್ಪ ಒರಟು ಇತ್ತು, ಮಧ್ಯಾಹ್ನಕ್ಕೆ ಸರಿ ಹೋಯಿತು.

ಇನ್ನೊಂದು ಕೇಳಬೇಕು. ಮಂಡಳಿಯಲ್ಲಿ ಒಬ್ಬರಿಗೆ ಒಂದು ತಿಂಗಳಿಂದ ದನಿ ಗೊಗ್ಗರು ಹಾಗೇ ಇದೆ. ನೋವಿಲ್ಲ ಅನ್ನುತ್ತಾರೆ. ಅವರಿಗೂ ಸ್ಟ್ರಾ ಹೇಳಿಕೊಡಲಾ?

ತಂಬೂರಿಮನೆ

ಅವರಿಗೆ ಸ್ಟ್ರಾ ಬೇಡ, ಮೊದಲು ಡಾಕ್ಟರು. ಮೂರು ವಾರ ದಾಟಿದ ಗೊಗ್ಗರು ದನಿಯನ್ನು ಕಿವಿ ಮೂಗು ಗಂಟಲಿನ ಡಾಕ್ಟರು ಕ್ಯಾಮೆರಾ ಹಾಕಿ ನೋಡಲೇಬೇಕು. ನೋವಿಲ್ಲ ಅನ್ನುವುದಕ್ಕೆ ಅರ್ಥವಿಲ್ಲ, ನನ್ನ ಗಂಟೂ ನೋಯಲಿಲ್ಲ. ಮೈಸೂರಿಗೆ ಹೋಗಲು ಆಗುವುದಾದರೆ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ, ಧ್ವನಿಯ ತೊಂದರೆಗೆ ಅಲ್ಲಿ ಚಿಕಿತ್ಸೆ ಕೊಡುತ್ತಾರೆ. ಹಾಗೇ, ಹಾಡುತ್ತಿರುವಾಗ ಯಾರಿಗಾದರೂ ಇದ್ದಕ್ಕಿದ್ದ ಹಾಗೆ ದನಿ ಪೂರ್ತಿ ಹೋದರೆ ಅಲ್ಲೇ ನಿಲ್ಲಿಸಬೇಕು. ಮಾತ್ರೆ ನುಂಗಿ ಮುಂದುವರಿಯಬಾರದು.

ನೀವು ಒಂಬತ್ತಕ್ಕೆ ಮನೆಗೆ ಹೋಗಿ ಏನು ಮಾಡುತ್ತೀರಿ? ಪ್ರಸಾದ ಹೊಟ್ಟೆ ತುಂಬ ತಿಂದು ಹತ್ತಕ್ಕೆ ಮಲಗಿದರೆ ಹುಳಿ ಮೇಲೆ ಬಂದು ತಂತು ಸುಡುತ್ತದೆ. ಭಾನುವಾರದ ಒರಟಿಗೆ ಅದೂ ಕಾರಣ ಇರಬಹುದು. ಸ್ವಲ್ಪವೇ ತಿನ್ನಿ. ದಾರಿಯಲ್ಲಿ ‘ಮ್’ ಅಂತ ಮೇಲಿನಿಂದ ಕೆಳಕ್ಕೆ ಜಾರುತ್ತಾ ಮೂರು ನಿಮಿಷ ಹೋಗಿ.

ಕಾಲುಪೆಟ್ಟಿಗೆ

ನಾಮಸಂಕೀರ್ತನೆಯಲ್ಲಿ ಶ್ರುತಿ ಏರಿಸುವುದು ನನ್ನದೂ ಅಭ್ಯಾಸ. ಅದಿಲ್ಲದೆ ಕೊನೆಯಲ್ಲಿ ಆವೇಶ ಬರುವುದಿಲ್ಲ ಮೇಡಂ. ಅದನ್ನು ಬಿಡು ಅಂದರೆ ನಾನು ಒಪ್ಪುವುದಿಲ್ಲ.

ತಂಬೂರಿಮನೆ

ಲಯ ಏರಿಸಿ ಸರ್, ಮನೆ ಏರಿಸಬೇಡಿ. ಒಂದು ಸಲ ಮಾಡಿ ನೋಡಿ.

ಕಾಲುಪೆಟ್ಟಿಗೆ

ನೋಡೋಣ. ಮಾತು ಕೊಡುವುದಿಲ್ಲ.

ತುಳಸಿಕಟ್ಟೆ

ನಮ್ಮ ಮಾಮನೂ ಇದೇ ಮಾತು ಹೇಳಿದರು! ಆಷಾಢ ಏಕಾದಶಿಗೆ ಜಯಘೋಷವನ್ನು ಗಂಡಸರಷ್ಟೇ ಹೇಳಲಿ ಅಂತ ಹೆಂಗಸರು ಕೂತು ಮಾತಾಡಿದ್ದೇವೆ, ಇನ್ನೂ ಅವರಿಗೆ ಹೇಳಿಲ್ಲ. ದೊಡ್ಡ ಬಾಯಿಯ ತಬಲಾ ಭದ್ರಾವತಿಯಲ್ಲಿ ಒಬ್ಬರ ಹತ್ತಿರ ಇದೆಯಂತೆ, ಶುಕ್ರವಾರ ಹೋಗಿ ತರುತ್ತಾರೆ. ಗೊಗ್ಗರು ದನಿಯ ಅಕ್ಕನನ್ನು ನಾಳೆ ಬೆಳಗ್ಗೆ ನಾನೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಿದ್ದೇನೆ.